ಬೆಳಗಿನ ನಡಿಗೆಗೆ ಮುನ್ನ ಎಕ್ಯೂಐ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಸಂಜೆ 4ಕ್ಕೆ ಪ್ರಕಟಿಸುವ ವಾಯು ಗುಣಮಟ್ಟ ಸೂಚ್ಯಂಕ, ಅಂದರೆ ಎಕ್ಯೂಐ, ಹಿಂದಿನ 24 ಗಂಟೆಗಳ ಸರಾಸರಿಯನ್ನು ಆಧರಿಸಿರುತ್ತದೆ. 100ರೊಳಗಿನ ‘ಉತ್ತಮ’, ‘ತೃಪ್ತಿಕರ’ ದರ್ಜೆಗಳಲ್ಲಿ ಬಹುತೇಕರ ನಡಿಗೆಗೆ ಅಡ್ಡಿಯಿಲ್ಲ. ಪಿಎಂ10, ಎಂದರೆ 10 ಮೈಕ್ರಾನ್ ಮೀರದ ದೂಳಿನ ಕಣಗಳು, ಘನಮೀಟರಿಗೆ 190 ಮೈಕ್ರೋಗ್ರಾಂ ಇದ್ದಾಗ ಅದರ ಸೂಚ್ಯಂಕ 160 ಆಗಿ ‘ಮಧ್ಯಮ’ ದರ್ಜೆಗೆ ಸೇರುತ್ತದೆ. ಹೆಸರು ಸೌಮ್ಯವೆನಿಸಿದರೂ ಈ ದರ್ಜೆಯ ಗಾಳಿ ಉಬ್ಬಸ, ಹೃದ್ರೋಗವುಳ್ಳವರಿಗೂ ಮಕ್ಕಳು, ವೃದ್ಧರಿಗೂ ಉಸಿರಾಟದ ತೊಂದರೆ ತರಬಲ್ಲುದು. 200 ದಾಟಿದ ‘ಕಳಪೆ’ಯಲ್ಲಿ ದೀರ್ಘ ನಡಿಗೆ ಯಾರಿಗೂ ತರವಲ್ಲ. ಚಳಿಗಾಲದ ಮುಂಜಾನೆ ನೆಲಮಟ್ಟದ ತಂಪುಗಾಳಿ ಮೇಲೇಳದೆ ದೂಳನ್ನು ಹಿಡಿದಿಡುವುದರಿಂದ, ಆ ಹೊತ್ತಿನ ಮಾಲಿನ್ಯ ಸರಾಸರಿಯನ್ನು ಮೀರಿರಬಹುದು. ಆದುದರಿಂದ ಅಂತಹ ದಿನಗಳಲ್ಲಿ ಚಿತ್ರದುರ್ಗ, ಹಿರಿಯೂರಿನವರು ಹೆದ್ದಾರಿಯ ಅಂಚನ್ನೂ, ಹೊಳಲ್ಕೆರೆ, ಹೊಸದುರ್ಗದವರು ಅದಿರು, ಜಲ್ಲಿ ಲಾರಿಗಳ ದಾರಿಯನ್ನೂ ಬಿಟ್ಟು, ಬಿಸಿಲೇರಿದ ಮೇಲೆ ನಡೆಯುವುದು ಒಳಿತು.