ಮೂರು ಬಾಂದು ಕಲ್ಲು, ಒಂದು ಎಕರೆ: ಚೌಕಜಾಲದ ನಕ್ಷೆಯಲ್ಲಿ ದೂರ, ಮಧ್ಯಬಿಂದು ಮತ್ತು ವಿಸ್ತೀರ್ಣ
(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಕೊಪ್ಪಳ ತಾಲ್ಲೂಕಿನ ಗಿಣಿಗೇರಾದಲ್ಲಿ ಹೆದ್ದಾರಿ, ರೈಲು ಮಾರ್ಗ ಹಾಗೂ ಕಾರ್ಖಾನೆಗಳು ಒಂದಕ್ಕೊಂದು ಸಮೀಪದಲ್ಲಿವೆ. ಇಂತಹ ಊರುಗಳಲ್ಲಿ ಸಾರ್ವಜನಿಕ ಜಮೀನಿನ ಒಂದೊಂದು ಗುಂಟೆಗೂ ಬೆಲೆಯಿದೆ. ಸ್ಥಳ ಪರಿಶೀಲನೆಯ ವೇಳೆ ರಸ್ತೆ ಬದಿಯ ಉದ್ದವನ್ನಷ್ಟೇ ಅಳೆದು, ಜಾಗ ಸರಿಯಾಗಿದೆಯೆಂದು ನಿರ್ಧರಿಸುವುದುಂಟು. ಆ ಕ್ರಮ ಏಕೆ ಸಾಲದು ಎಂಬುದನ್ನು ಒಂದು ಕಲ್ಪಿತ ತುಂಡಿನ ಉದಾಹರಣೆಯಿಂದ ಇಲ್ಲಿ ವಿವರಿಸಲಾಗಿದೆ.

1. ಮೂಲೆಗಳನ್ನು ಗುರುತಿಸುವುದು

ಪಹಣಿಯಲ್ಲಿ 1 ಎಕರೆ ಎಂದು ನಮೂದಾಗಿರುವ ತ್ರಿಕೋನಾಕಾರದ ಜಾಗವೊಂದಿದೆ ಎಂದು ಭಾವಿಸಬಹುದು. ಅದರ ಚಿತ್ರದ ಮೇಲೆ ಚೌಕಗಳ ಜಾಲ ಮುದ್ರಿತವಾಗಿದ್ದು, ಒಂದು ಚೌಕದ ಬದಿ ನೆಲದ ಮೇಲಿನ 10 ಮೀಟರಿಗೆ ಸಮ. ಚಿತ್ರದ ಕೆಳ ಎಡಮೂಲೆಯಿಂದ ಮೊದಲು ಬಲಕ್ಕೆ, ನಂತರ ಮೇಲಕ್ಕೆ ಚೌಕಗಳನ್ನು ಎಣಿಸಬೇಕು. ಹೀಗೆ ಎಣಿಸಿದಾಗ ಮೂರು ಬಾಂದು ಕಲ್ಲುಗಳ ನಿರ್ದೇಶಾಂಕಗಳು ಅ (2, 1), ಬ (14, 6), ಕ (5, 9) ಎಂದು ದೊರೆತಿವೆ. ಅ–ಬ ರಸ್ತೆಯ ಬದಿ.

2. ದೂರ

ಅ ಕಲ್ಲಿನಿಂದ ಬ ಕಲ್ಲಿಗೆ ಬಲಕ್ಕೆ 14 − 2 = 12 ಚೌಕ, ಮೇಲಕ್ಕೆ 6 − 1 = 5 ಚೌಕ. ಇವೆರಡೂ ಒಂದು ಲಂಬಕೋನ ತ್ರಿಭುಜದ ಬದಿಗಳಾಗುವುದರಿಂದ, ಅವುಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು: √(144 + 25) = √169 = 13 ಚೌಕ, ಅಂದರೆ 130 ಮೀಟರ್. ಇದೇ ರೀತಿ ಬ–ಕ ಸುಮಾರು 94.9 ಮೀಟರ್, ಕ–ಅ ಸುಮಾರು 85.4 ಮೀಟರ್. ಬೇಲಿಗೆ ಒಟ್ಟು ಸುಮಾರು 310 ಮೀಟರ್ ಬೇಕು.

3. ವಿಸ್ತೀರ್ಣ

ಪ್ರತಿ ಮೂಲೆಯ ಬಲದ ಅಂಕೆಯನ್ನು ಉಳಿದೆರಡು ಮೂಲೆಗಳ ಮೇಲಿನ ಅಂಕೆಗಳ ವ್ಯತ್ಯಾಸದಿಂದ ಗುಣಿಸಿ, ಮೂರನ್ನೂ ಕೂಡಿ ಅರ್ಧ ಮಾಡಬೇಕು. ಮೂಲೆಗಳ ಕ್ರಮ ತಪ್ಪಬಾರದು.

½ [2(6 − 9) + 14(9 − 1) + 5(1 − 6)] = ½ [−6 + 112 − 25] = 40.5 ಚೌಕ

ಉತ್ತರ ಋಣ ಸಂಖ್ಯೆಯಾಗಿ ಬಂದರೆ ಮೂಲೆಗಳನ್ನು ವಿರುದ್ಧ ದಿಕ್ಕಿನಲ್ಲಿ ತೆಗೆದುಕೊಳ್ಳಲಾಗಿದೆ ಎಂದರ್ಥ. ಚಿಹ್ನೆಯನ್ನು ಬಿಟ್ಟರೆ ಸಾಕು. ಒಂದು ಚೌಕದ ವಿಸ್ತೀರ್ಣ 10 × 10 = 100 ಚದರ ಮೀಟರ್. ಆದ್ದರಿಂದ ಜಾಗದ ವಿಸ್ತೀರ್ಣ 4,050 ಚದರ ಮೀಟರ್. ಇಲ್ಲಿ ನೂರರ ಬದಲು ಹತ್ತರಿಂದ ಗುಣಿಸುವ ತಪ್ಪು ಸಾಮಾನ್ಯ; ಹಾಗೆ ಮಾಡಿದರೆ ಒಂದು ಎಕರೆ ನಾಲ್ಕು ಗುಂಟೆಯಾಗಿ ಕಾಣುತ್ತದೆ. 33 ಅಡಿ ಚೌಕದ ಒಂದು ಗುಂಟೆ ಸುಮಾರು 101.17 ಚದರ ಮೀಟರ್ ಆಗಿರುವುದರಿಂದ, ಈ ಜಾಗ 40 ಗುಂಟೆ, ಅಂದರೆ ಪಹಣಿಯಲ್ಲಿರುವ 1 ಎಕರೆಗೆ ಸರಿಹೊಂದುತ್ತದೆ.

4. ಒಂದು ಕಲ್ಲು ಸರಿದರೆ

ಹಿಂಬದಿಯ ಕ ಕಲ್ಲು 10 ಮೀಟರ್ ಒಳಗೆ ಸರಿದು (5, 8) ರಲ್ಲಿದೆ ಎನ್ನೋಣ. ಆಗ ವಿಸ್ತೀರ್ಣ ½ [2(6 − 8) + 14(8 − 1) + 5(1 − 6)] = 34.5 ಚೌಕ, ಅಂದರೆ 3,450 ಚದರ ಮೀಟರ್. ಸುಮಾರು 6 ಗುಂಟೆ ಕಡಿಮೆಯಾಗಿದೆ. ಆದರೆ ರಸ್ತೆ ಬದಿ ಈಗಲೂ 130 ಮೀಟರೇ ಇದೆ. ರಸ್ತೆಯಲ್ಲಿ ನಿಂತು ಟೇಪು ಹಿಡಿದವರಿಗೆ ಈ ಒತ್ತುವರಿ ಕಾಣುವುದೇ ಇಲ್ಲ.

5. ಮಧ್ಯಬಿಂದು

ಮೂಲ ಜಾಗವನ್ನು ಸಸಿ ಪಾಲನೆಗೆ ಹಾಗೂ ತ್ಯಾಜ್ಯ ವಿಂಗಡಣೆಗೆ ಸಮನಾಗಿ ಹಂಚಬೇಕಾದಲ್ಲಿ, ಅ ಮತ್ತು ಬ ನಿರ್ದೇಶಾಂಕಗಳನ್ನು ಕೂಡಿ ಅರ್ಧ ಮಾಡಬೇಕು: (16 ÷ 2, 7 ÷ 2) = (8, 3.5). ಈ ಬಿಂದುವಿನಿಂದ ಎದುರಿನ ಕ ಕಲ್ಲಿಗೆ ಎಳೆದ ಗೆರೆ ಜಾಗವನ್ನು ತಲಾ 20.25 ಚೌಕಗಳ ಎರಡು ಪಾಲು ಮಾಡುತ್ತದೆ. ಎರಡು ಪಾಲುಗಳ ಆಕಾರ ಬೇರೆಯಾಗಿ ಕಂಡರೂ ವಿಸ್ತೀರ್ಣ ಒಂದೇ. ಎರಡಕ್ಕೂ ರಸ್ತೆಯ ಕಡೆ 65 ಮೀಟರ್ ದೊರೆಯುತ್ತದೆ.

6. ಲೆಕ್ಕದ ಮಿತಿ

ಜಾಲ ಸಮೇತ ಚಿತ್ರವನ್ನು ಜೆರಾಕ್ಸ್ ಮಾಡಿದಾಗ ಚಿತ್ರ ಕುಗ್ಗಿದರೆ ಚೌಕಗಳೂ ಕುಗ್ಗುತ್ತವೆ, ಎಣಿಕೆ ಬದಲಾಗುವುದಿಲ್ಲ. ಆದ್ದರಿಂದ ಸ್ಕೇಲಿನಿಂದ ಅಳೆಯದೆ ಚೌಕಗಳನ್ನೇ ಎಣಿಸಬೇಕು. ಆದರೆ ಓರೆಯಾಗಿ ತೆಗೆದ ಚಿತ್ರದ ಮೇಲೆ ಜಾಲ ಹಾಕಿದ್ದರೆ, ಹತ್ತಿರದ ಚೌಕ ಮತ್ತು ದೂರದ ಚೌಕ ನೆಲದ ಮೇಲೆ ಸಮವಾಗಿರುವುದಿಲ್ಲ. ಇದನ್ನು ತಿಳಿಯಲು ಬೇರೆ ಬೇರೆ ದಿಕ್ಕಿನ ಎರಡು ಬದಿಗಳನ್ನು ನೆಲದ ಮೇಲೆ ಟೇಪಿನಿಂದ ಅಳೆದು ಲೆಕ್ಕದೊಡನೆ ಹೋಲಿಸಬೇಕು.

ಕಣ್ಣಂದಾಜಿನಲ್ಲಿ ಮೂಲೆಯೊಂದು ಕಾಲು ಚೌಕದಷ್ಟು ತಪ್ಪುವುದು ಸಹಜ. ಈ ಉದಾಹರಣೆಯಲ್ಲಿ ಮೂರೂ ಮೂಲೆಗಳು ಅಷ್ಟೇ ತಪ್ಪಿ, ಆ ತಪ್ಪುಗಳೆಲ್ಲ ಒಂದೇ ಕಡೆಗೆ ಕೂಡಿದರೂ ವ್ಯತ್ಯಾಸ 4 ಗುಂಟೆ ದಾಟದು. ಆದುದರಿಂದ ಒಂದೆರಡು ಗುಂಟೆಯ ವ್ಯತ್ಯಾಸದಿಂದ ಒತ್ತುವರಿ ಎಂದು ನಿರ್ಣಯಿಸುವುದು ಸಲ್ಲದು. 6 ಗುಂಟೆಯ ವ್ಯತ್ಯಾಸವನ್ನು ಎಣಿಕೆಯ ತಪ್ಪೆಂದು ಬಿಡುವುದೂ ಸಲ್ಲದು. ಅಂತಹ ಸಂದರ್ಭದಲ್ಲಿ ಈ ಲೆಕ್ಕದ ಪ್ರತಿಯನ್ನು ಕಡತದಲ್ಲಿರಿಸಿ, ಭೂಮಾಪಕರಿಂದ ಹದ್ದುಬಸ್ತು ಅಳತೆ ಮಾಡಿಸಲು ಅರ್ಜಿ ಸಲ್ಲಿಸುವುದು. ಗಡಿಯನ್ನು ನಿಗದಿಪಡಿಸುವುದು ಆ ಅಳತೆಯೇ ಹೊರತು ಚಿತ್ರದ ಮೇಲಿನ ಲೆಕ್ಕವಲ್ಲ.