ಮೋಟರ್ ಪ್ಲೇಟ್ ಬರೆಯುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ ಟವೆಲ್ ಮಗ್ಗಗಳಿಗೆ ಬಿಡಿಭಾಗ ಮಾಡುವ ನಮ್ಮ ಶಾಪಿನ ಡ್ರಾಯಿಂಗ್ ಕೋಣೆಗೆ ಈ ಸೂಚನೆ. ಸಾಲಿಡ್‌ವರ್ಕ್ಸ್‌ನಲ್ಲಿ ಅಸೆಂಬ್ಲಿಯೊಳಗೆ ಕೂತು ಪಾರ್ಟ್ ಬರೆಯುವ ಎಲ್ಲರೂ ಪಾಲಿಸತಕ್ಕದ್ದು.

ಹಳೆಯ ಫಿಟ್ಟರ್‌ಗಳು ಮೋಟರನ್ನೇ ಪ್ಲೇಟಿನ ಮೇಲೆ ಇಟ್ಟು, ಅದರ ಕಾಲಿನ ರಂಧ್ರದೊಳಗಿಂದ ಗೀರು ಹಾಕಿ, ಆಮೇಲೆ ತೂತು ಕೊರೆಯುತ್ತಿದ್ದರು. ಅಸೆಂಬ್ಲಿಯಲ್ಲಿ ನಾವು ಮಾಡುವುದೂ ಅದನ್ನೇ: ಮೋಟರಿನ ಕಾಲನ್ನು ನೋಡಿ ಪ್ಲೇಟಿಗೆ ಸ್ಲಾಟ್ ಬರೆಯುತ್ತೇವೆ. ಒಂದೇ ವ್ಯತ್ಯಾಸ. ಫಿಟ್ಟರ್ ಹಾಕಿದ ಗೀರು ಹಾಕಿದಲ್ಲೇ ಉಳಿಯುತ್ತದೆ, ನಮ್ಮ ಗೀರಿಗೆ ಜೀವ ಇರುತ್ತದೆ. ಮೋಟರ್ ಬದಲಾದರೆ ಅದೂ ಬದಲಾಗುತ್ತದೆ, ಆದರೆ ಅಸೆಂಬ್ಲಿ ಫೈಲ್ ತೆರೆದಿದ್ದರೆ ಮಾತ್ರ. ಕೆಳಗಿನ ನಿಯಮಗಳೆಲ್ಲ ಇದರಿಂದಲೇ ಹುಟ್ಟಿದವು.

ಏನಾಗಿತ್ತು

ಮೊದಲ ಮಗ್ಗಕ್ಕೆ 80ರ ಫ್ರೇಮಿನ ಮೋಟರ್ ಇತ್ತು. ಅದರ ಕಾಲಿನ ರಂಧ್ರಗಳ ನಡುವೆ ಅಡ್ಡಕ್ಕೆ 125 ಮಿಮೀ, ಉದ್ದಕ್ಕೆ 100 ಮಿಮೀ. ಬೆಲ್ಟ್ ಬಿಗಿ ಮಾಡಲು ಪ್ಲೇಟಿನಲ್ಲಿ 30 ಮಿಮೀ ಉದ್ದ, 10 ಮಿಮೀ ಅಗಲದ ಸ್ಲಾಟ್‌ಗಳು. ಅಂದರೆ ಮೋಟರ್ ಆಚೆ ಈಚೆ 10 ಮಿಮೀ ಸರಿಯಬಲ್ಲದು. ಪ್ರತಿ ಸ್ಲಾಟಿನ ಮಧ್ಯದಿಂದ ಅಂಚಿಗೆ 30 ಮಿಮೀ ಬಿಟ್ಟಿದ್ದರಿಂದ ಪ್ಲೇಟಿನ ಅಳತೆ 185×160.

ಆಮೇಲೆ ಗಿರಾಕಿ 90S ಫ್ರೇಮಿನ ಮೋಟರ್ ಬೇಕೆಂದರು. ಅದಕ್ಕೆ ಅಡ್ಡ ಅಳತೆ 140, ಉದ್ದ ಅದೇ 100, ರಂಧ್ರವೂ ಅದೇ 10 ಮಿಮೀ. ಮೋಟರ್ ಫೈಲನ್ನು ತಿದ್ದಿದರು. ಅಸೆಂಬ್ಲಿ ತೆರೆಯಲಿಲ್ಲ. ಪ್ಲೇಟಿನ ಫೈಲ್ ಒಂದನ್ನೇ ತೆರೆದು DXF ತೆಗೆದು ಲೇಸರ್ ಕಟಿಂಗ್‌ಗೆ ಕಳಿಸಿದರು.

ಪ್ಲೇಟ್ ಬಂತು, ಬೋಲ್ಟ್‌ಗಳೂ ಕೂತವು. ಮೋಸ ಆದದ್ದೇ ಅಲ್ಲಿ. ಎರಡೂ ಬದಿಗೆ 7.5 ಮಿಮೀ ವ್ಯತ್ಯಾಸವನ್ನು ಸ್ಲಾಟ್ ನುಂಗಿಕೊಂಡಿತ್ತು, ಮೋಟರ್ ಸರಿಯಲು ಉಳಿದದ್ದು ಕೇವಲ 2.5 ಮಿಮೀ. ಮಗ್ಗ ಓಡಿ ಬೆಲ್ಟ್ ಸಡಿಲವಾದ ಮೇಲೆ, ಅದನ್ನು ಎಳೆಯಲು ಜಾಗವೇ ಇಲ್ಲ ಎಂದು ಗೊತ್ತಾಯಿತು.

ಮಾಡಬೇಕಾದ್ದು

1. ಯಾರು ಮುಂದೆ, ಯಾರು ಹಿಂದೆ ಎಂದು ಮೊದಲು ತೀರ್ಮಾನಿಸಿ. ಪ್ಲೇಟ್ ನೇರವಾಗಿ ಮೋಟರನ್ನು ಹಿಡಿಯುವುದು ಬೇಡ. ಬರೀ ಸ್ಕೆಚ್ ಇರುವ ಒಂದು ಅಸ್ಥಿಪಂಜರ ಪಾರ್ಟನ್ನು ಅಸೆಂಬ್ಲಿಯಲ್ಲಿ ಎಲ್ಲಕ್ಕಿಂತ ಮೊದಲು, ಮೂಲಬಿಂದುವಿನಲ್ಲಿ ಫಿಕ್ಸ್ ಮಾಡಿ ಇಡಿ. ಕಾಲಿನ ಅಡ್ಡ ಅಳತೆ, ಶಾಫ್ಟಿನ ಎತ್ತರ, ಶಾಫ್ಟಿನ ವ್ಯಾಸ, ಈ ಮೂರೂ ಅದರಲ್ಲಿರಲಿ. 80ರಿಂದ 90Sಗೆ ಹೋದರೆ ಎತ್ತರ 80ರಿಂದ 90ಕ್ಕೆ, ವ್ಯಾಸ 19ರಿಂದ 24ಕ್ಕೆ ಏರುತ್ತದೆ. ಸ್ಲಾಟ್ ಮಾತ್ರ ಹಿಂಬಾಲಿಸಿ ಪುಲ್ಲಿಯ ಬೋರ್ ಹಿಂದುಳಿದರೆ ಕೆಲಸ ಅರ್ಧವಾಯಿತು.

2. ಅಸೆಂಬ್ಲಿಯೊಳಗೆ `Edit Component` ಒತ್ತಿದ ಮೇಲೆ ಗೀರು ಹಾಕುವ ಮುನ್ನ ಕೇಳಿಕೊಳ್ಳಿ: ಈ ಗೆರೆ ಇನ್ನೊಂದು ಪಾರ್ಟಿಗೆ ಅಂಟಬೇಕೋ ಬೇಡವೋ? ಬೇಡವಾದರೆ `No External References` ಆನ್ ಮಾಡಿ. ಇಲ್ಲದಿದ್ದರೆ ಕರ್ಸರ್ ತಾಗಿದ ಅಂಚಿಗೆ ಗೆರೆ ತಾನಾಗಿ ಅಂಟಿಕೊಳ್ಳಬಹುದು.

3. ಅಳತೆ ಬದಲಿಸಿದ ಮೇಲೆ ಅಸೆಂಬ್ಲಿಯನ್ನೇ ತೆರೆದು `Ctrl+Q` ಒತ್ತಿ. ಪ್ಲೇಟಿನ ಫೈಲ್ ಕೈಯಲ್ಲಿದ್ದರೆ ಅದರ ಫೀಚರ್ ಮೇಲೆ ಬಲ ಕ್ಲಿಕ್ ಮಾಡಿ `Edit In Context` ಆರಿಸಿ. ಸಂಬಂಧಪಟ್ಟ ಅಸೆಂಬ್ಲಿ ತಾನೇ ತೆರೆಯುತ್ತದೆ. ಆಮೇಲೆ ಪ್ಲೇಟಿನ ಹೊರ ಅಗಲ ಅಳೆದು ನೋಡಿ. ಈ ಕೇಸಿನಲ್ಲಿ 200 ಬರಬೇಕು. 185 ಬಂದರೆ ಅದು ಹಳೆಯ ಪ್ಲೇಟ್, DXF ತೆಗೆಯಬೇಡಿ.

4. ಕಟಿಂಗ್‌ಗೆ ಕಳಿಸುವ ಫೈಲಿಗೆ `Lock All` ಹಾಕಿ. ಮುಂದೆ ಯಾರೋ ಅಸೆಂಬ್ಲಿ ತಿದ್ದಿದರೂ ಕತ್ತರಿಸಿದ ಪ್ಲೇಟಿನ ದಾಖಲೆ ಬದಲಾಗದು. ಬೇಕೆಂದಾಗ ಬೀಗ ತೆಗೆಯಬಹುದು.

ಗುರುತು ಓದಿ

ಪಾರ್ಟಿನ ಹೆಸರಿನ ಮುಂದೆ ಬರುವ ಈ ನಾಲ್ಕು ಗುರುತುಗಳನ್ನು ನೋಡದೆ ಯಾವ ಫೈಲನ್ನೂ ಹೊರಗೆ ಬಿಡಬೇಡಿ.

- `->` ಸಂಬಂಧ ಇದೆ, ಅಸೆಂಬ್ಲಿಯೂ ತೆರೆದಿದೆ. ಬದಲಾವಣೆ ಬರುತ್ತದೆ.
- `->?` ಸಂಬಂಧ ಇದೆ, ಅಸೆಂಬ್ಲಿ ತೆರೆದಿಲ್ಲ. ಕಣ್ಣಿಗೆ ಕಾಣುವ ಅಳತೆ ಹಳೆಯದಿರಬಹುದು.
- `->*` ಬೀಗ ಹಾಕಿದೆ.
- `->x` ಸಂಬಂಧ ಕಡಿದಿದೆ.

ಹಾಳಾದ ಆ ಪ್ಲೇಟಿನ ಮುಂದೆ `->?` ಇತ್ತು. ಅದನ್ನು ಯಾರೂ ಓದಿರಲಿಲ್ಲ.

ಮಾಡಬಾರದ್ದು

1. ಸರಿಯುವ ವಸ್ತುವಿಗೆ ಗೀರು ಅಂಟಿಸಬೇಡಿ. ಮೋಟರ್ ಬೆಲ್ಟಿಗಾಗಿ ಸರಿಯುವಂಥದ್ದು. ಸ್ಲಾಟನ್ನು ಮೋಟರಿನ ಕಾಲಿಗೇ ಅಂಟಿಸಿದರೆ, ಪರದೆಯ ಮೇಲೆ ಮೋಟರನ್ನು 8 ಮಿಮೀ ಎಳೆದಾಗ ಸ್ಲಾಟೂ 8 ಮಿಮೀ ಅದರ ಬೆನ್ನು ಹತ್ತಿ ಹೋಗುತ್ತದೆ. ಬೋಲ್ಟ್ ಯಾವಾಗಲೂ ಸ್ಲಾಟಿನ ನಟ್ಟನಡುವೆಯೇ ಕಾಣುತ್ತದೆ. ಎಲ್ಲ ಸರಿಯಾಗಿದೆ ಎಂದು ತೋರುತ್ತದೆ, ಬಿಗಿಯುವ ಜಾಗ ಎಷ್ಟಿದೆ ಎಂಬುದು ಮಾತ್ರ ಎಂದೂ ಗೊತ್ತಾಗುವುದಿಲ್ಲ.

2. ಸುತ್ತು ಕಟ್ಟಬೇಡಿ. ಸ್ಲಾಟ್ ಮೋಟರನ್ನು ನೋಡುತ್ತದೆ, ಮೋಟರಿನ ಮೇಟ್ ಸ್ಲಾಟನ್ನು ನೋಡುತ್ತದೆ ಎಂದಾದರೆ ಇಬ್ಬರಲ್ಲಿ ಯಾರೂ ನಿಲ್ಲುವುದಿಲ್ಲ. ಪರೀಕ್ಷೆ ಸರಳ: ಏನನ್ನೂ ಬದಲಿಸದೆ `Ctrl+Q` ಎರಡು ಮೂರು ಸಲ ಒತ್ತಿ. ಪ್ರತಿ ಸಲವೂ ಏನಾದರೂ ಜರುಗಿದರೆ ಸುತ್ತು ಇದೆ.

3. ಕಂಪನಿಯವರು ಕೊಟ್ಟ ಮೋಟರ್ ಮಾಡೆಲಿನ ಅಂಚುಗಳನ್ನು ಹಿಡಿಯಬೇಡಿ. ನಾಳೆ ಇನ್ನೊಂದು ಕಂಪನಿಯ ಮಾಡೆಲ್ ಹಾಕಿದಾಗ ಆ ಅಂಚು ಅಲ್ಲಿ ಇರುವುದಿಲ್ಲ, ಗೆರೆ ದಿಕ್ಕಿಲ್ಲದೆ ನೇತಾಡುತ್ತದೆ. ಅಸ್ಥಿಪಂಜರದ ಸ್ಕೆಚ್ ನಮ್ಮದು, ಅದು ಎಲ್ಲಿಗೂ ಹೋಗದು.

4. ಎಡಗೈ ಮಗ್ಗದ ಅಸೆಂಬ್ಲಿಯಲ್ಲಿ ಹುಟ್ಟಿದ ಪ್ಲೇಟನ್ನು ಬಲಗೈ ಮಗ್ಗದ ಅಸೆಂಬ್ಲಿಯಲ್ಲಿ ಕೂರಿಸಬಹುದು. ಅಲ್ಲಿ ಅದನ್ನು ತಿದ್ದಕೂಡದು. ಪ್ಲೇಟಿಗೆ ಒಂದೇ ಮನೆ. ಎರಡು ಅಸೆಂಬ್ಲಿಗಳಿಗೆ ಅಂಟಿಸಿದರೆ ಒಂದು ಮಗ್ಗಕ್ಕಾಗಿ ಮಾಡಿದ ತಿದ್ದುಪಡಿ ಇನ್ನೊಂದರ ಪ್ಲೇಟನ್ನು ಕೆಡಿಸುತ್ತದೆ.

5. ಹೊಸ ಆರ್ಡರ್ ಬಂತೆಂದು ಫೋಲ್ಡರ್ ಕಾಪಿ ಮಾಡಿ, ಫೈಲುಗಳ ಹೆಸರು ಬದಲಿಸಬೇಡಿ. ಹೊಸ ಪ್ಲೇಟ್ ಹಳೆಯ ಅಸೆಂಬ್ಲಿಯ ಮಾತನ್ನೇ ಕೇಳುತ್ತಿರುತ್ತದೆ. `Pack and Go` ಬಳಸಿ, ಅಲ್ಲಿಯೇ ಹೊಸ ಹೆಸರು ಕೊಡಿ. ಅದರೊಳಗೆ ಸೇರಿದ ಫೈಲುಗಳ ಸಂಬಂಧಗಳು ಹೊಸ ಹೆಸರುಗಳಿಗೆ ತಿರುಗುತ್ತವೆ. ಅಸೆಂಬ್ಲಿಯನ್ನೂ ಸೇರಿಸಲು ಮರೆಯಬೇಡಿ.

6. ತೊಡಕು ಬಂತೆಂದು `Break All` ಒತ್ತಬೇಡಿ. ಬೀಗ ತೆಗೆಯಬಹುದು, ಕಡಿದದ್ದು ಮರಳಿ ಕೂಡದು. ಮತ್ತೆ ಹಿಂಬಾಲಿಸಬೇಕೆಂದರೆ ಒಂದೊಂದು ಗೆರೆಯನ್ನೂ ಹೊಸದಾಗಿ ಅಂಟಿಸಬೇಕಾಗುತ್ತದೆ.

ಯಾವುದಕ್ಕೆ ಬಳಸಬಾರದು

ಬೋಲ್ಟ್, ಬೇರಿಂಗ್, ಪೇಟೆಯಲ್ಲಿ ಸಿಗುವ ಪುಲ್ಲಿ ಇವು ಯಾರ ಹಿಂದೆಯೂ ಹೋಗುವುದಿಲ್ಲ. ಅವುಗಳ ಅಳತೆ ಕ್ಯಾಟಲಾಗಿನದು. ಹಲವು ಮಗ್ಗಗಳಿಗೆ ಹೋಗುವ ಪಾರ್ಟಿಗೂ ಅಳತೆಯನ್ನು ಕೈಯಿಂದಲೇ ಹಾಕಿ. ಹಿಂಬಾಲಿಸುವ ಆಕಾರ ಆ ಒಂದೇ ಯಂತ್ರಕ್ಕಾಗಿ ಹುಟ್ಟಿದ ಪ್ಲೇಟ್, ಬ್ರ್ಯಾಕೆಟ್, ಬೆಲ್ಟ್ ಗಾರ್ಡ್‌ನಂಥ ಪಾರ್ಟುಗಳಿಗೆ ಮಾತ್ರ.

ಈ ದಿನದಿಂದ `->?` ಗುರುತು ಇರುವ ಪಾರ್ಟಿನ DXF ಯಾವ ಕಾರಣಕ್ಕೂ ಕೋಣೆಯಿಂದ ಹೊರಗೆ ಹೋಗಕೂಡದು.