ಟಿಡಿಎಸ್ ಹಿಡಿದಿಲ್ಲ ಅಂದಮಾತ್ರಕ್ಕೆ

ಸಂಬಳದ ತೆರಿಗೆ ಕಂಪನಿಯೇ ಹಿಡಿಯುತ್ತೆ, ನನಗೇನು ಕೆಲಸ ಅಂತ ಕೇಳಿದೆಯಲ್ಲಪ್ಪ, ನಿನ್ನದೇ 2025-26ರ ಲೆಕ್ಕ ಬಿಡಿಸಿ ನೋಡೋಣ.

ಮೂರು ಬ್ಯಾಂಕಿನ ಎಫ್‌ಡಿಯಿಂದ ತಲಾ 30 ಸಾವಿರ ಬಡ್ಡಿ. ಒಂದೊಂದು ಬ್ಯಾಂಕೂ 50 ಸಾವಿರ ದಾಟಿದರೆ ಮಾತ್ರ ಟಿಡಿಎಸ್ ಹಿಡಿಯೋದು, ಹಾಗಾಗಿ ಯಾರೂ ಹಿಡಿದಿಲ್ಲ. ಆಗಸ್ಟ್‌ನಲ್ಲಿ ಡಿವಿಡೆಂಡ್ 40 ಸಾವಿರ ಬಂತು. ಯಾವ ಕಂಪನಿಯದೂ 10 ಸಾವಿರ ಮೀರಿಲ್ಲ, ಅಲ್ಲೂ ಇಲ್ಲ. ನವೆಂಬರ್‌ನಲ್ಲಿ, ಕೊಂಡು ವರ್ಷ ತುಂಬುವ ಮೊದಲೇ ಶೇರು ಮಾರಿ 2 ಲಕ್ಷ ಲಾಭ ಮಾಡಿದೆ. ಅದಕ್ಕೆ ಟಿಡಿಎಸ್ಸೇ ಇಲ್ಲ. ನೀನು 30 ಪರ್ಸೆಂಟ್ ಸ್ಲ್ಯಾಬಿನವನು. ಬಡ್ಡಿ, ಡಿವಿಡೆಂಡಿಗೆ ಅದೇ ದರ, ಲಾಭಕ್ಕೆ 20, ಮೇಲೆ ಸೆಸ್ 4. ಒಟ್ಟು 82,160 ರೂಪಾಯಿ. ಟಿಡಿಎಸ್ ಕಳೆದು ಬಾಕಿ 10 ಸಾವಿರ ಮುಟ್ಟಿದರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಲೇಬೇಕು.

ಕಂತುಗಳು ಗೊತ್ತಿರಬಹುದು: ಜೂನ್ 15ಕ್ಕೆ ಶೇ. 15, ಸೆಪ್ಟೆಂಬರ್ 15ಕ್ಕೆ ಒಟ್ಟು 45, ಡಿಸೆಂಬರ್ 15ಕ್ಕೆ 75, ಮಾರ್ಚ್ 15ಕ್ಕೆ ಪೂರ್ತಿ. ನವೆಂಬರ್‌ನ ಲಾಭಕ್ಕೆ ಜೂನ್‌ನಲ್ಲೇ ಹೇಗೆ ಕಟ್ಟೋದು ಅಂತೀಯ. ಕಟ್ಟಬೇಕಿಲ್ಲ. ಕ್ಯಾಪಿಟಲ್ ಗೇನ್, ಡಿವಿಡೆಂಡ್ ಯಾವಾಗ ಬರುತ್ತೋ ಆಮೇಲಿನ ಕಂತುಗಳಲ್ಲಿ ಕಟ್ಟಿದರೆ ಹಿಂದಿನ ಕಂತಿಗೆ 234ಸಿ ಬಡ್ಡಿ ಬೀಳುವುದಿಲ್ಲ. ಮಾರ್ಚ್ 15 ಆದಮೇಲೆ ಮಾರಿದರೂ 31ರೊಳಗೆ ಕಟ್ಟಿದರೆ ಸಾಕು. ಆದರೆ ಬ್ಯಾಂಕ್ ಬಡ್ಡಿಗೆ ಈ ರಿಯಾಯಿತಿ ಇಲ್ಲ, ಅದು ಏಪ್ರಿಲ್‌ನಲ್ಲೇ ಅಂದಾಜಿಗೆ ಸಿಗುವ ಆದಾಯ ಅಂತ. ನ್ಯಾಯವಾಗೇ ಇದೆ ಅನ್ನು. ಅಂದರೆ ಜೂನ್‌ನಲ್ಲಿ ನೀನು ಕಟ್ಟಬೇಕಾದ್ದು ಬಡ್ಡಿಯ ತೆರಿಗೆ 28,080ರಲ್ಲಿ ಶೇ. 15, ಸುಮಾರು 4,200 ಮಾತ್ರ. ಸೆಪ್ಟೆಂಬರ್‌ನಲ್ಲಿ ಡಿವಿಡೆಂಡ್ ಸೇರಿಸಿಕೋ, ಡಿಸೆಂಬರ್‌ನಲ್ಲಿ ಶೇರಿನ ಲಾಭ.

ಇದೂ ರಗಳೆ ಅನ್ನಿಸಿದರೆ ಬಡ್ಡಿ, ಡಿವಿಡೆಂಡಿನ ಅಂದಾಜನ್ನು ಆಫೀಸಿಗೆ ಬರೆದುಕೊಡು, ಸಂಬಳದಲ್ಲೇ ಹಿಡಿದುಕೊಳ್ಳುತ್ತಾರೆ. ಏನೂ ಮಾಡದೆ ಜುಲೈಯಲ್ಲಿ ರಿಟರ್ನ್ ಹಾಕುವಾಗ ಕಟ್ಟಿದೆ ಅನ್ನು: ಏಪ್ರಿಲ್‌ನಿಂದ ನಾಲ್ಕು ತಿಂಗಳಿಗೆ ತಿಂಗಳಿಗೊಂದು ಪರ್ಸೆಂಟ್, 234ಬಿ ಬಡ್ಡಿಯೇ 3,284. 234ಸಿ ಬೇರೆ.

ರಿಟರ್ನ್ ಐಟಿಆರ್-2. ಎಐಎಸ್ ಇಳಿಸಿಕೊಂಡು ಬ್ಯಾಂಕ್ ಪಾಸ್‌ಬುಕ್ಕಿನ ಜೊತೆ ತಾಳೆ ನೋಡು. ಎಫ್‌ಡಿ ಬಡ್ಡಿ ಕೈಗೆ ಬರದಿದ್ದರೂ ಬ್ಯಾಂಕು ಪ್ರತಿ ವರ್ಷದ್ದನ್ನು ತೋರಿಸಿರುತ್ತದೆ. ಎಲ್ಲಕ್ಕಿಂತ ಹೆಚ್ಚು ಎಡವುವುದು ಇನ್ನೊಂದು ಕಡೆ. ಡಿವಿಡೆಂಡಿಗೂ ಕ್ಯಾಪಿಟಲ್ ಗೇನ್‌ಗೂ, ಯಾವ ಅವಧಿಯಲ್ಲಿ ಎಷ್ಟು ಬಂತು ಅಂತ ಐದು ಕಾಲಂ ಇರುತ್ತವೆ. ಮೊತ್ತವನ್ನೆಲ್ಲ ಮೊದಲ ಕಾಲಂಗೆ ಸುರಿದರೆ ಜೂನ್‌ಗೆ ಮುಂಚೆಯೇ ಬಂತು ಅಂತ ಹಿಡಿದು ಇಲ್ಲದ ಬಡ್ಡಿ ಹಾಕುತ್ತೆ. 234ಸಿ ಅಂಕಿ ನಿನ್ನ ಅಂದಾಜಿಗಿಂತ ಜಾಸ್ತಿ ಕಂಡರೆ ಮೊದಲು ಆ ಕಾಲಂಗಳನ್ನೇ ತೆಗೆದು ನೋಡು. ನಿನ್ನ 2 ಲಕ್ಷ ಕೂರಬೇಕಾದ್ದು ಸೆಪ್ಟೆಂಬರ್ 16ರಿಂದ ಡಿಸೆಂಬರ್ 15ರ ಮನೆಯಲ್ಲಿ.